ಒಂದೇ ಹಿಕ್ಕೆ, ಎರಡು ಗಾಜು

ಬೆಂಗಳೂರಿನ ಅನೇಕ ಮನೆಗಳ ತಾರಸಿಯಲ್ಲಿ ಈಗ ಎರಡು ಬಗೆಯ ಗಾಜು ಬಿಸಿಲಿಗೆ ಮೈಯೊಡ್ಡಿ ಕೂತಿವೆ. ಒಂದು, ಹತ್ತು ಹದಿನೈದು ವರ್ಷಗಳಿಂದ ಸ್ನಾನದ ನೀರು ಕಾಯಿಸುತ್ತಿರುವ ಸೋಲಾರ್ ವಾಟರ್ ಹೀಟರ್. ಇನ್ನೊಂದು, 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ಸಬ್ಸಿಡಿ ಪಡೆದು ಹಾಕಿಸಿದ ವಿದ್ಯುತ್ ಪ್ಯಾನೆಲ್‌ಗಳು. ಎರಡರ ಮೇಲೂ ಅದೇ ಧೂಳು ಕೂರುತ್ತದೆ, ಅದೇ ಪಾರಿವಾಳ ಹಿಕ್ಕೆ ಹಾಕುತ್ತದೆ. ಹೆಚ್ಚಿನವರು ಎರಡನ್ನೂ ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಒರೆಸಿ ಕೆಳಗಿಳಿಯುತ್ತಾರೆ. ಆದರೆ ಒಂದೇ ಅಳತೆಯ ಹಿಕ್ಕೆ ಈ ಎರಡು ಗಾಜುಗಳಿಗೆ ಮಾಡುವ ಹಾನಿ ಒಂದೇ ಅಲ್ಲ. ಅದು ಯಾಕೆಂದು ತಿಳಿದರೆ ಎಲ್ಲಿ ಉಜ್ಜಬೇಕು, ಎಲ್ಲಿ ಬಿಟ್ಟರೂ ನಡೆಯುತ್ತದೆ, ಎಷ್ಟು ದಿನಕ್ಕೊಮ್ಮೆ ಏಣಿ ಹತ್ತಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ.

ಮೊದಲು ವಾಟರ್ ಹೀಟರ್. ಅದು ಬಿಸಿಲಿನ ಶಾಖವನ್ನು ನೇರವಾಗಿ ನೀರಿಗೆ ಕೊಡುತ್ತದೆ. ಗಾಜಿನ ಮೇಲೆ ಅಂಗೈಯಗಲ ಹಿಕ್ಕೆ ಇದ್ದರೆ ಅಂಗೈಯಗಲ ಬಿಸಿಲು ನಷ್ಟ, ಅಷ್ಟೇ. ಎರಡು ಚದರ ಮೀಟರ್ ಗಾಜಿನಲ್ಲಿ ಅದು ನೂರರಲ್ಲಿ ಒಂದು ಪಾಲೂ ಆಗುವುದಿಲ್ಲ. ಸಂಜೆ ಬರುವ ಬಿಸಿನೀರಿನಲ್ಲಿ ಅದರ ವ್ಯತ್ಯಾಸ ಕೈಗೆ ತಿಳಿಯುವುದೂ ಇಲ್ಲ.

ವಿದ್ಯುತ್ ಪ್ಯಾನೆಲ್ ಒಳಗಿನ ವ್ಯವಸ್ಥೆ ಬೇರೆ. ಗಾಜಿನ ಕೆಳಗೆ ಕಾಣುವ ನೀಲಿ ಅಥವಾ ಕಪ್ಪು ಚೌಕಗಳೇ ಸೆಲ್‌ಗಳು. ಒಂದೊಂದು ಸೆಲ್ ಕೊಡುವುದು ಅರ್ಧ ವೋಲ್ಟ್‌ಗಿಂತ ತುಸು ಹೆಚ್ಚು. ಹೀಗಾಗಿ ಅವುಗಳನ್ನು ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿರುತ್ತಾರೆ. ಪ್ಯಾನೆಲ್‌ಗಳನ್ನೂ ಮತ್ತೆ ಸರಣಿಯಲ್ಲೇ ಜೋಡಿಸುತ್ತಾರೆ. ಬಾವಿಯಿಂದ ಕೈಯಿಂದ ಕೈಗೆ ಬಿಂದಿಗೆ ದಾಟಿಸುವ ಸಾಲಿನಲ್ಲಿ ಒಬ್ಬರ ಕೈ ಸೋತರೆ ಇಡೀ ಸಾಲಿನ ವೇಗ ಅವರ ವೇಗಕ್ಕೇ ಇಳಿಯುತ್ತದಲ್ಲ, ಇಲ್ಲಿಯೂ ಹಾಗೆ. ಒಂದು ಸೆಲ್‌ಗೆ ಬೆಳಕು ತಪ್ಪಿದರೆ ಅದರ ಹಿಂದುಮುಂದಿನ ಸೆಲ್‌ಗಳೆಲ್ಲ ಬಿಸಿಲಲ್ಲಿದ್ದೂ ಅದರ ಮಟ್ಟಕ್ಕೆ ತಗ್ಗಬೇಕು. ಬರಿ ತಗ್ಗುವುದಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಉಳಿದ ಸೆಲ್‌ಗಳು ತಳ್ಳುವ ವಿದ್ಯುತ್ತು ಮುಚ್ಚಿದ ಸೆಲ್‌ನಲ್ಲಿ ಶಾಖವಾಗಿ ಸುರಿಯುತ್ತದೆ. ವಿದ್ಯುತ್ ಮಾಡಬೇಕಾದ ಸೆಲ್ಲೇ ವಿದ್ಯುತ್ ತಿಂದು ಕಾಯುತ್ತದೆ. ಸೋಲಾರ್ ಕೆಲಸದವರು ಇದನ್ನು ಹಾಟ್ ಸ್ಪಾಟ್ ಎನ್ನುತ್ತಾರೆ. ತಿಂಗಳುಗಟ್ಟಲೆ ಹೀಗೆ ಕಾದರೆ ಆ ಜಾಗದಲ್ಲಿ ಒಳಪದರ ಕಂದುಬಣ್ಣಕ್ಕೆ ತಿರುಗಬಹುದು, ಪ್ಯಾನೆಲ್ ಹಿಂಬದಿಯ ಹಾಳೆ ಉಬ್ಬಬಹುದು. ಆಮೇಲೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ.

ಈ ಅಪಾಯ ಗೊತ್ತಿದ್ದೇ ತಯಾರಕರು ಪ್ರತಿ ಪ್ಯಾನೆಲ್‌ನ ಸೆಲ್‌ಗಳನ್ನು ಸಾಮಾನ್ಯವಾಗಿ ಮೂರು ಪಾಲು ಮಾಡಿ, ಪಾಲಿಗೊಂದರಂತೆ ಬೈಪಾಸ್ ಡಯೋಡ್ ಕೊಟ್ಟಿರುತ್ತಾರೆ. ಒಂದು ಪಾಲು ತೀರಾ ಸೋತಾಗ ಡಯೋಡ್ ತೆರೆದುಕೊಂಡು ವಿದ್ಯುತ್ತಿಗೆ ಅಡ್ಡದಾರಿ ಮಾಡಿಕೊಡುತ್ತದೆ. ಸೆಲ್ ಸುಡುವುದು ತಪ್ಪುತ್ತದೆ, ಆದರೆ ಆ ಪಾಲಿನ ಅಷ್ಟೂ ಸೆಲ್‌ಗಳ ದುಡಿಮೆ ಲೆಕ್ಕದಿಂದ ಹೊರಗೆ.

ಇದನ್ನು ಒಂದು ಮನೆಯ ಲೆಕ್ಕದಲ್ಲಿ ನೋಡೋಣ. 30x40 ನಿವೇಶನದ ಮನೆ, 540 ವಾಟ್‌ನ ಆರು ಪ್ಯಾನೆಲ್, ಎಲ್ಲವೂ ಒಂದೇ ಸರಣಿಯಲ್ಲಿ. ಒಟ್ಟು ಮೂರು ಕಿಲೋವಾಟ್‌ಗಿಂತ ಸ್ವಲ್ಪ ಹೆಚ್ಚು. ಫೆಬ್ರವರಿಯಲ್ಲಿ ಮೋಡವಿಲ್ಲದ ದಿನ ಸುಮಾರು 14 ಯೂನಿಟ್ ಬರುತ್ತದೆ ಎಂದುಕೊಳ್ಳಿ. ಒಂದು ಪಾರಿವಾಳ ದಿನವೂ ಒಂದೇ ಪ್ಯಾನೆಲ್‌ನ ಮೇಲಂಚಿನಲ್ಲಿ, ಅದೇ ಜಾಗದಲ್ಲಿ ಕೂರುತ್ತದೆ. ಹದಿನೈದು ದಿನಗಳಲ್ಲಿ ಅದರ ಕೆಳಗಿನ ಒಂದು ಸೆಲ್ ಪೂರ್ತಿ ಬೆಳ್ಳಗಾಗುತ್ತದೆ. ಈ ಪ್ಯಾನೆಲ್‌ನ ಒಂದು ಸೆಲ್ ಎಂದರೆ ಸುಮಾರು 18 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ಆರು ಪ್ಯಾನೆಲ್‌ಗಳ ಒಟ್ಟು ವಿಸ್ತಾರದಲ್ಲಿ ಅದು ಸಾವಿರದಲ್ಲಿ ಒಂದು ಪಾಲು. ಆದರೆ ಆರು ಪ್ಯಾನೆಲ್, ತಲಾ ಮೂರು ಪಾಲು, ಒಟ್ಟು ಹದಿನೆಂಟು ಪಾಲು. ಅದರಲ್ಲಿ ಒಂದು ಪಾಲು ಮಲಗಿತು. ಅಂದರೆ ಸಾವಿರದಲ್ಲೊಂದು ಜಾಗ ಮುಚ್ಚಿದ್ದಕ್ಕೆ ಹದಿನೆಂಟರಲ್ಲೊಂದು ಪಾಲು ವಿದ್ಯುತ್ತು ಹೋಗಬಹುದು, ದಿನಕ್ಕೆ ಮುಕ್ಕಾಲು ಯೂನಿಟ್ಟಿನಷ್ಟು. ಅಲ್ಲೊಂದು ಇಲ್ಲೊಂದು ಬಿದ್ದ ಬಟಾಣಿ ಗಾತ್ರದ ಹನಿಗಳಿಂದ ಇಷ್ಟು ನಷ್ಟವಾಗುವುದಿಲ್ಲ; ಅವುಗಳ ಬಗ್ಗೆ ಗಾಬರಿ ಬೇಡ. ಒಂದೇ ಜಾಗದಲ್ಲಿ ಗುಡ್ಡೆಯಾಗುವ ಹಿಕ್ಕೆಯ ಮೇಲೆ ಕಣ್ಣಿಡಬೇಕು.

ಈಗ ಧೂಳಿಗೆ ಬರೋಣ. ಇಡೀ ಗಾಜಿನ ಮೇಲೆ ತೆಳ್ಳಗೆ, ಸಮನಾಗಿ ಕೂತ ಧೂಳು ಎಲ್ಲ ಸೆಲ್‌ಗಳನ್ನೂ ಒಂದೇ ಅಳತೆಯಲ್ಲಿ ಮಸುಕಾಗಿಸುತ್ತದೆ. ನೋಡಲು ಬಹಳ ಕೊಳಕು ಅನ್ನಿಸಿದರೂ ನಷ್ಟ ಸಣ್ಣದು, ಸೆಲ್ ಕಾಯುವ ಭಯವೂ ಇಲ್ಲ. ತೊಂದರೆ ಕೊಡುವುದು ಪ್ಯಾನೆಲ್‌ನ ಕೆಳಅಂಚಿನ ಕೆಸರುಪಟ್ಟಿ. ನಮ್ಮಲ್ಲಿ ಪ್ಯಾನೆಲ್‌ಗಳನ್ನು ದಕ್ಷಿಣಕ್ಕೆ ಹತ್ತು ಹದಿನೈದು ಡಿಗ್ರಿಯಷ್ಟೇ ಓರೆಯಾಗಿ ಕೂರಿಸುತ್ತಾರೆ. ಗಾಜಿನ ಸುತ್ತ ಅಲ್ಯೂಮಿನಿಯಂ ಚೌಕಟ್ಟಿನ ಅಂಚು ಗಾಜಿಗಿಂತ ಒಂದೆರಡು ಮಿಲಿಮೀಟರ್ ಮೇಲೆದ್ದಿರುತ್ತದೆ. ಡಿಸೆಂಬರ್, ಜನವರಿಯ ಇಬ್ಬನಿ ಇರಲಿ, ಏಪ್ರಿಲ್‌ನಲ್ಲಿ ನಾಲ್ಕು ಹನಿ ಉದುರಿಸಿ ಹೋಗುವ ಮಳೆ ಇರಲಿ, ಧೂಳನ್ನು ಕಲಸಿಕೊಂಡು ಕೆಳಗೆ ಜಾರಿ ಬಂದು ಈ ಅಂಚಿನಲ್ಲಿ ನಿಲ್ಲುತ್ತದೆ. ಬಿಸಿಲಿಗೆ ನೀರು ಆರಿ ಕೆಸರು ಉಳಿಯುತ್ತದೆ. ಮತ್ತೊಂದು ಇಬ್ಬನಿ, ಮತ್ತೊಂದು ಪದರ. ಜೂನ್‌ನ ಜೋರು ಮಳೆ ಗಾಜಿನ ನಡುಭಾಗವನ್ನು ಹೊಳೆಯುವಂತೆ ತೊಳೆದರೂ ಈ ಪಟ್ಟಿ ಹಾಗೇ ಅಂಟಿಕೊಂಡಿರುತ್ತದೆ. ಕೆಳಗೆ ನಿಂತು ನೋಡಿದವರಿಗೆ ಪ್ಯಾನೆಲ್ ಚೊಕ್ಕಟವಾಗಿಯೇ ಕಾಣುತ್ತದೆ.

ನಮ್ಮ ಲೆಕ್ಕದ ಮನೆಯಲ್ಲಿ ಪ್ಯಾನೆಲ್‌ಗಳನ್ನು ಉದ್ದುದ್ದವಾಗಿ ನಿಲ್ಲಿಸಿ ಜೋಡಿಸಿದ್ದಾರೆ ಎನ್ನೋಣ. ಕೆಸರುಪಟ್ಟಿ ಬೆಳೆದು ಕೆಳಸಾಲಿನ ಸೆಲ್‌ಗಳ ಐದನೇ ಒಂದು ಭಾಗ ಮುಚ್ಚಿತು. ಹೀಗೆ ನಿಲ್ಲಿಸಿದಾಗ ಮೂರು ಪಾಲಿನ ಸೆಲ್‌ಗಳೂ ಕೆಳಸಾಲಿನಲ್ಲಿ ಇರುತ್ತವೆ, ಆದ್ದರಿಂದ ಮೂರಕ್ಕೂ ಏಟು. ಈಚಿನ ಪ್ಯಾನೆಲ್‌ಗಳಲ್ಲಿ ಸೆಲ್‌ಗಳನ್ನು ಅರ್ಧಕ್ಕೆ ಕತ್ತರಿಸಿ, ಮೇಲಿನ ಅರ್ಧ ಪ್ಯಾನೆಲ್ ಕೆಳಗಿನ ಅರ್ಧವನ್ನು ಕಾಯದೆ ದುಡಿಯುವಂತೆ ಮಾಡಿದ್ದಾರೆ. ಹಾಗಾಗಿ ನಷ್ಟ ಕೆಳಗಿನ ಅರ್ಧಕ್ಕೆ ಸೀಮಿತ: ಅರ್ಧದಲ್ಲಿ ಐದನೇ ಒಂದು, ಅಂದರೆ ಒಟ್ಟಿನ ಹತ್ತನೇ ಒಂದು ಭಾಗ. ಹದಿನಾಲ್ಕು ಯೂನಿಟ್ ಬರುತ್ತಿದ್ದಲ್ಲಿ ಹನ್ನೆರಡೂವರೆ. ಹಳೆಯ ಮಾದರಿಯ ಪ್ಯಾನೆಲ್ ಆಗಿದ್ದರೆ ನಷ್ಟ ಇದರ ಇಮ್ಮಡಿಯಾಗಬಹುದು. ಪ್ಯಾನೆಲ್‌ಗಳನ್ನು ಅಡ್ಡಡ್ಡ ಮಲಗಿಸಿ ಕೂರಿಸಿದ್ದರೆ ಕೆಳಅಂಚಿನಲ್ಲಿ ಒಂದೇ ಪಾಲಿನ ಸೆಲ್‌ಗಳು ಇರುತ್ತವೆ; ಉಳಿದ ಎರಡು ಪಾಲು ಕೆಸರಿನ ಗೊಡವೆಯಿಲ್ಲದೆ ದುಡಿಯುತ್ತವೆ. ಹೊಸದಾಗಿ ಹಾಕಿಸುವವರು ಕೂರಿಸುವ ಮೊದಲೇ ಈ ಮಾತನ್ನು ಎತ್ತಬಹುದು. ಕೆಳಅಂಚಿಗೆ ಸಿಕ್ಕಿಸಿ ನಿಂತ ನೀರನ್ನು ಹೊರಗೆ ಹರಿಸುವ ಸಣ್ಣ ಪ್ಲಾಸ್ಟಿಕ್ ಕ್ಲಿಪ್‌ಗಳೂ ಸಿಗುತ್ತವೆ. ಕಡಿಮೆ ಓರೆ ಇರುವ ತಾರಸಿಗಳಿಗೆ ಅವು ಒಳ್ಳೆಯ ಉಪಾಯ.

ತೊಳೆಯುವ ಸಮಯ ಬಂತೆಂದು ತಿಳಿಯುವುದು ಹೇಗೆ? ಇನ್ವರ್ಟರ್‌ನ ಪರದೆಯಲ್ಲೋ ಫೋನಿನ ಆ್ಯಪ್‌ನಲ್ಲೋ ಆ ದಿನದ ಯೂನಿಟ್ ಕಾಣುತ್ತದೆ. ಜನವರಿಗಿಂತ ಮಾರ್ಚ್‌ನಲ್ಲಿ ಕಡಿಮೆ ಬಂತೆಂದು ಧೂಳನ್ನೇ ದೂರುವಂತಿಲ್ಲ. ಪ್ಯಾನೆಲ್ ಬಿಸಿಯಾದಷ್ಟೂ ಅದರ ದುಡಿಮೆ ಕುಗ್ಗುತ್ತದೆ, ಒಂದು ಡಿಗ್ರಿಗೆ ಶೇಕಡಾ ಮೂರನೇ ಒಂದರಷ್ಟು. ಸೂರ್ಯನ ದಾರಿಯೂ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಅದಕ್ಕೇ ತೊಳೆಯುವ ಹಿಂದಿನ ದಿನ ಮತ್ತು ತೊಳೆದ ದಿನವನ್ನು ಹೋಲಿಸಬೇಕು, ಎರಡೂ ದಿನ ಆಕಾಶ ತಿಳಿಯಾಗಿರಬೇಕು. ವ್ಯತ್ಯಾಸ ಅರ್ಧ ಯೂನಿಟ್ಟಿಗಿಂತ ಕಡಿಮೆಯಾದರೆ ಇನ್ನೂ ಕೆಲವು ವಾರ ತಡೆಯಬಹುದಿತ್ತು ಎಂದರ್ಥ. ಒಂದೂವರೆ ಯೂನಿಟ್ ಬಂದರೆ ತಡವಾಗಿದೆ. ಹಾಗೆ ನಷ್ಟವಾದ ಒಂದೂವರೆ ಯೂನಿಟ್ಟನ್ನು ಯೂನಿಟ್ಟಿಗೆ ಆರು ರೂಪಾಯಿ ಹಿಡಿದು ಲೆಕ್ಕ ಹಾಕಿದರೆ ತಿಂಗಳಿಗೆ 270 ರೂಪಾಯಿ. ವಾರ ವಾರ ಹಣ ಕೊಟ್ಟು ತೊಳೆಸುವುದು ಲಾಭದ ಮಾತಲ್ಲ ಎನ್ನುವುದಕ್ಕೆ ಈ ಅಂಕಿಯೇ ಸಾಕು. ಬೆಂಗಳೂರಿನ ಹೆಚ್ಚಿನ ಮನೆಗಳಿಗೆ ಡಿಸೆಂಬರ್‌ನಿಂದ ಮೇವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ತೊಳೆದರೆ ಸಾಕು. ಮಳೆಗಾಲದಲ್ಲಿ ಕೆಳಅಂಚು ಮತ್ತು ಹಿಕ್ಕೆ ನೋಡಿಕೊಂಡರಾಯಿತು. ಮನೆಯ ಪಕ್ಕ ಕಟ್ಟಡ ಏಳುತ್ತಿದ್ದರೆ, ಮಣ್ಣುರಸ್ತೆ ಇದ್ದರೆ ಈ ಅವಧಿ ಅರ್ಧಕ್ಕಿಳಿಯುತ್ತದೆ.

ಯಾವ ನೀರು ಎನ್ನುವುದು ಬಹಳ ಮುಖ್ಯ. ಬೋರ್‌ವೆಲ್ ನೀರು ಬೀಳುವ ಊರುಗಳಲ್ಲಿ ಬಚ್ಚಲಿನ ನಲ್ಲಿಗೆ ಕಟ್ಟುವ ಬಿಳಿ ಹರಳನ್ನು ಎಲ್ಲರೂ ನೋಡಿರುತ್ತಾರೆ. ಪ್ಯಾನೆಲ್ ಮೇಲೆ ಆರುವ ನೀರು ಅದನ್ನೇ ಬಿಟ್ಟುಹೋಗುತ್ತದೆ. ಲೀಟರಿಗೆ ಒಂದು ಗ್ರಾಂ ಲವಣ ಇರುವ ನೀರಿನಲ್ಲಿ ತೊಳೆದು, ಗಾಜಿನ ಮೇಲೆ ಅರ್ಧ ಲೋಟ, ಅಂದರೆ 100 ಮಿಲಿಲೀಟರ್ ಆರಲು ಬಿಟ್ಟರೆ ಒಂದು ಗ್ರಾಂನ ಹತ್ತನೇ ಒಂದು ಭಾಗ ಲವಣ ಅಲ್ಲೇ ಕೂತಿತು. ಧೂಳು ಮುಂದಿನ ಮಳೆಗೆ ಹೋಗುತ್ತದೆ, ಈ ಲವಣ ಹೋಗುವುದಿಲ್ಲ. ಪ್ರತಿ ತೊಳೆತಕ್ಕೂ ಅದು ಬೆಳೆಯುತ್ತದೆ, ಕೊನೆಗೆ ಗಾಜು ಒದ್ದೆಯಾದಾಗ ಹೊಳೆದು ಆರಿದ ಮೇಲೆ ಹಾಲು ಚೆಲ್ಲಿದಂತೆ ಮಂಕಾಗುತ್ತದೆ. ನೀರು ಉಳಿಸುವ ಒಳ್ಳೆಯ ಮನಸ್ಸಿನಿಂದ ಆರ್‌ಒ ಯಂತ್ರ ಹೊರಹಾಕುವ ನೀರನ್ನು ಕೂಡಿಟ್ಟು ಪ್ಯಾನೆಲ್ ತೊಳೆಯುವ ಮನೆಗಳಿವೆ. ದಯವಿಟ್ಟು ಅದನ್ನು ನೆಲ ಒರೆಸಲು, ಶೌಚಾಲಯಕ್ಕೆ ಬಳಸಿ. ಕುಡಿಯುವ ನೀರಿನಿಂದ ತೆಗೆದ ಲವಣವೆಲ್ಲ ಅದರಲ್ಲೇ ಇದೆ, ಪ್ಯಾನೆಲ್ ಗಾಜಿಗೆ ಅದಕ್ಕಿಂತ ಕೆಟ್ಟ ನೀರು ಮನೆಯಲ್ಲಿ ಬೇರೊಂದಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಕೂಡಿಟ್ಟ ಮಳೆನೀರು. ಅದಿಲ್ಲದಿದ್ದರೆ ಕಾವೇರಿ ನೀರು. ಬೋರ್‌ವೆಲ್ ನೀರೇ ಗತಿಯಾದರೆ ಅದರಲ್ಲೇ ತೊಳೆಯಿರಿ, ಆದರೆ ಒಂದು ಹನಿಯೂ ಗಾಜಿನ ಮೇಲೆ ಆರದಂತೆ ವೈಪರ್‌ನಿಂದ ಎಳೆದು ತೆಗೆಯಿರಿ.

ತೊಳೆಯುವ ಹೊತ್ತು ಬೆಳಗಿನ ಜಾವ ಬೆಳಕು ಹರಿದ ಮೇಲೆ, ಬಿಸಿಲು ಏರುವ ಮೊದಲು. ಮಧ್ಯಾಹ್ನ ಪ್ಯಾನೆಲ್ ಅರವತ್ತು ಡಿಗ್ರಿಯವರೆಗೂ ಕಾದಿರುತ್ತದೆ. ಆಗ ತಣ್ಣೀರು ಎರಚಿದರೆ ಗಾಜಿಗೆ ಏಟು, ಜೊತೆಗೆ ನೀರು ಒರೆಸುವ ಮೊದಲೇ ಆರಿ ಕಲೆ ಕಟ್ಟುತ್ತದೆ. ಆರು ಪ್ಯಾನೆಲ್‌ಗೆ ಎರಡು ಬಕೆಟ್ ನೀರು ಧಾರಾಳ. ಮೊದಲು ಮೇಲಂಚಿನಿಂದ ನೀರು ಬಿಟ್ಟು ಧೂಳು ಸಡಿಲಾಗಲು ಒಂದೆರಡು ನಿಮಿಷ ಕೊಡಿ. ಒಣ ಧೂಳಿನ ಮೇಲೆ ಬಟ್ಟೆ ಎಳೆಯುವುದೆಂದರೆ ಮರಳಿನಿಂದ ಗಾಜು ತಿಕ್ಕಿದ ಹಾಗೆಯೇ. ಆಮೇಲೆ ಉದ್ದ ಕೋಲಿನ ಮೆತ್ತನೆಯ ಮಾಪ್‌ನಿಂದ ಮೇಲಿನಿಂದ ಕೆಳಕ್ಕೆ, ಒತ್ತದೆ ಎಳೆಯಿರಿ. ಇನ್ನೊಮ್ಮೆ ನೀರು ಬಿಟ್ಟು ವೈಪರ್ ಹಾಕಿ. ಕೊನೆಗೆ ಹಿಂಡಿದ ಬಟ್ಟೆಯ ಮೂಲೆಯನ್ನು ಬೆರಳಿಗೆ ಸುತ್ತಿ ಕೆಳಅಂಚಿನ ಉದ್ದಕ್ಕೂ ಒರೆಸಿ. ಇಡೀ ಕೆಲಸದಲ್ಲಿ ಇದೊಂದನ್ನೇ ಮಾಡಿ ಬೇರೆಲ್ಲ ಬಿಟ್ಟರೂ ನಷ್ಟದ ದೊಡ್ಡ ಪಾಲು ವಾಪಸು ಬರುತ್ತದೆ. ಸೋಪಿನ ಪುಡಿ ಬೇಡ. ಅದರ ಜಿಡ್ಡಿನ ಪೊರೆ ಉಳಿದು ಧೂಳನ್ನು ಇನ್ನಷ್ಟು ಹಿಡಿದುಕೊಳ್ಳುತ್ತದೆ. ತೆಂಗಿನ ನಾರು, ಪಾತ್ರೆ ಉಜ್ಜುವ ಸ್ಟೀಲ್ ನಾರು ಗಾಜಿನ ಮೇಲಿರುವ ಪ್ರತಿಫಲನ ತಡೆಯುವ ಲೇಪವನ್ನು ಕೆರೆದು ಹಾಕುತ್ತವೆ. ಕಾರು ತೊಳೆಯುವ ಜೋರು ಒತ್ತಡದ ಪೈಪು ಚೌಕಟ್ಟಿನ ಸಂದಿಯಿಂದ ನೀರು ನುಗ್ಗಿಸಬಹುದು.

ಹಿಕ್ಕೆಗೆ ಬೇಕಾದದ್ದು ತಾಳ್ಮೆ. ಅದರ ಬಿಳಿ ಭಾಗ ಯೂರಿಕ್ ಆಮ್ಲ, ನೀರಿನಲ್ಲಿ ಬೇಗ ಕರಗುವ ವಸ್ತುವಲ್ಲ. ಮಳೆ ಬಂದರೂ ಅದು ಉಳಿದುಕೊಳ್ಳುವುದು ಇದಕ್ಕೇ. ಹಳೆಯ ಹತ್ತಿ ಬಟ್ಟೆಯನ್ನು ಚೆನ್ನಾಗಿ ನೆನೆಸಿ ಅದರ ಮೇಲೆ ಹಾಸಿ, ಹದಿನೈದು ನಿಮಿಷ ಬಿಟ್ಟು, ಅದೇ ಬಟ್ಟೆಯಿಂದ ಮೇಲೆತ್ತಿದರೆ ಹೆಚ್ಚಿನದು ಬರುತ್ತದೆ. ಬಾರದಿದ್ದರೆ ಮತ್ತೊಮ್ಮೆ ನೆನೆಸಿ. ಚಾಕು, ಕರಣೆಯಿಂದ ಕೆರೆಯಬೇಡಿ. ಹಕ್ಕಿ ನುಂಗಿದ ಸಣ್ಣ ಕಲ್ಲಿನ ಚೂರುಗಳು ಅದರಲ್ಲಿರುತ್ತವೆ, ಗಾಜಿಗೆ ಗೀರು ಬೀಳುತ್ತದೆ. ಒಣಗಿದ ಪಾರಿವಾಳದ ಹಿಕ್ಕೆ ಪುಡಿಯಾಗಿ ಹಾರಿ ಉಸಿರಿಗೆ ಸೇರಿದರೆ ಶ್ವಾಸಕೋಶದ ಕಾಯಿಲೆಗಳು ಬರಬಹುದು. ಮಾಸ್ಕ್, ಕೈಗವಸು ಹಾಕಿಕೊಳ್ಳಿ, ಒದ್ದೆ ಮಾಡದೆ ಮುಟ್ಟಬೇಡಿ. ಉಬ್ಬಸ ಇರುವವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಸರಿ.

ಅಪಾಯದ ಮಾತನ್ನು ನೇರವಾಗಿ ಹೇಳುತ್ತೇನೆ. ಇನ್ವರ್ಟರ್ ಆರಿಸಿದರೆ ಪ್ಯಾನೆಲ್‌ನಲ್ಲಿ ಕರೆಂಟ್ ಇರುವುದಿಲ್ಲ ಎಂದು ಹಲವರು ನಂಬಿದ್ದಾರೆ. ಬೆಳಕು ಬೀಳುತ್ತಿರುವವರೆಗೂ ಪ್ಯಾನೆಲ್‌ನಲ್ಲಿ ವೋಲ್ಟೇಜ್ ಇದ್ದೇ ಇರುತ್ತದೆ. ಆರು ಪ್ಯಾನೆಲ್ ಸರಣಿಯಲ್ಲಿದ್ದರೆ ಅದು ಹತ್ತಿರ ಹತ್ತಿರ 300 ವೋಲ್ಟ್. ಸ್ವಿಚ್ ಆರಿಸಿಯೇ ಕೆಲಸ ಶುರು ಮಾಡಿ, ಆದರೆ ಅದನ್ನೇ ನಂಬಿ ವೈರಿನ ಜೋಡಣೆಗಳಿಗೆ ಕೈ ಹಾಕಬೇಡಿ. ಗಾಜು ಒಡೆದಿರುವ, ಬಿರುಕು ಬಿಟ್ಟಿರುವ ಪ್ಯಾನೆಲ್‌ಗೆ ನೀರು ಹಾಕಲೇಬೇಡಿ, ತಂತ್ರಜ್ಞರನ್ನು ಕರೆಯಿರಿ. ತೊಳೆದ ದಿನ ಇನ್ವರ್ಟರ್ ಕೆಂಪು ದೀಪ ತೋರಿಸಿ, ಐಸೊಲೇಷನ್ ದೋಷವೆಂದು ಹೇಳಿ ನಿಂತರೆ, ಎಲ್ಲೋ ಒಂದು ಜೋಡಣೆಯೊಳಗೆ ನೀರು ಹೋಗುತ್ತಿದೆ. ಒಣಗಿದ ಮೇಲೆ ತಾನಾಗಿ ಸರಿಹೋಯಿತೆಂದು ಸುಮ್ಮನಾಗದೆ ತೋರಿಸಿ. ಪ್ಯಾನೆಲ್ ಮೇಲೆ ಕಾಲಿಡಬಾರದು, ಮೊಣಕೈ ಊರಿ ವಾಲಲೂಬಾರದು. ಗಾಜು ತಡೆದರೂ ಒಳಗಿನ ಸೆಲ್ ಕಣ್ಣಿಗೆ ಕಾಣದಂತೆ ಸೀಳುತ್ತದೆ. ತಾರಸಿಯ ಜಾಗ ಬಳಕೆಗೆ ಬರಲೆಂದು ಏಳೆಂಟು ಅಡಿ ಎತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದ್ದರೆ, ಅದೂ ತಾರಸಿಯ ಅಂಚಿಗಿದ್ದರೆ, ಓಡಾಡಲು ಹಲಗೆಯ ದಾರಿ ಇಲ್ಲದೆ ಒದ್ದೆ ಕಬ್ಬಿಣ ಹತ್ತುವ ಸಾಹಸ ಬೇಡ. ಸೊಂಟಕ್ಕೆ ಬೆಲ್ಟು ಕಟ್ಟಿ ಕೆಲಸ ಮಾಡುವವರನ್ನು ಎರಡು ತಿಂಗಳಿಗೊಮ್ಮೆ ಕರೆಸಿದರೂ ಸಾಕು.

ವಾಟರ್ ಹೀಟರ್ ಗಾಜಿಗೆ ಈ ಯಾವ ವಿದ್ಯುತ್ ಭಯವೂ ಇಲ್ಲ. ಚಪ್ಪಟೆ ಗಾಜಿನ ಪೆಟ್ಟಿಗೆಯಾದರೆ ಬೆಳಿಗ್ಗೆ ಇದೇ ರೀತಿ ತೊಳೆದು ಒರೆಸಿ. ಸುತ್ತಲಿನ ರಬ್ಬರ್ ಪಟ್ಟಿ ಒಣಗಿ ಬಿರಿದಿದೆಯೇ ನೋಡಿ. ಬೆಳಗಿನ ಹೊತ್ತು ಗಾಜಿನ ಒಳಬದಿಯಲ್ಲಿ ಮಂಜು ಕಟ್ಟುತ್ತಿದ್ದರೆ ಆ ಪಟ್ಟಿಯಿಂದ ನೀರು ಒಳಗೆ ಹೋಗುತ್ತಿದೆ ಎಂದರ್ಥ. ಕೊಳವೆಗಳ ಹೀಟರ್ ಆದರೆ ಉರುಟು ಮೈಯಿಂದ ಧೂಳು, ನೀರು ಹೆಚ್ಚಿನ ಪಾಲು ತಾವೇ ಜಾರುತ್ತವೆ. ಅಲ್ಲಿ ನೋಡಬೇಕಾದದ್ದು ಕೊಳವೆಯ ಕೆಳತುದಿ. ಎರಡು ಗಾಜಿನ ಪದರಗಳ ನಡುವೆ ನಿರ್ವಾತ ಇರುವಷ್ಟು ಕಾಲ ಆ ತುದಿ ಕನ್ನಡಿಯಂತೆ ಬೆಳ್ಳಿಬಣ್ಣದಲ್ಲಿರುತ್ತದೆ. ಗಾಳಿ ಹೊಕ್ಕರೆ ಸುಣ್ಣದಂತೆ ಬಿಳುಪಾಗುತ್ತದೆ. ಬಿಳುಪಾದ ಕೊಳವೆ ಶಾಖವನ್ನು ಹಿಡಿದಿಡಲಾರದು, ಅದನ್ನು ಬದಲಿಸಬೇಕು. ರಿಪೇರಿಗೆಂದು ನೀರು ಖಾಲಿ ಮಾಡಿದ್ದರೆ, ಬಿಸಿಲಲ್ಲಿ ಕಾದ ಬರಿ ಕೊಳವೆಗಳಿಗೆ ಹಗಲಲ್ಲಿ ತಣ್ಣೀರು ತುಂಬಬೇಡಿ, ಒಡೆಯುತ್ತವೆ. ರಾತ್ರಿ ತಣಿದ ಮೇಲೆ ತುಂಬಿ. ಗಾಜು ಚೆನ್ನಾಗಿ ತೊಳೆದು, ದಿನವಿಡೀ ಒಳ್ಳೆಯ ಬಿಸಿಲು ಬಿದ್ದರೂ ಸಂಜೆ ನೀರು ಉಗುರುಬೆಚ್ಚಗೇ ಇದ್ದರೆ ಧೂಳಿನ ತಪ್ಪಲ್ಲ. ಬೋರ್‌ವೆಲ್ ನೀರಿನ ಸುಣ್ಣ ಒಳಗೆ ಕಟ್ಟಿರಬಹುದು, ಹಾಗಿದ್ದರೆ ಅದನ್ನು ತೆಗೆಸಬೇಕು.

ಕೊನೆಗೆ ಪಾರಿವಾಳದ ಮಾತು. ಅದು ಕೂರುವ ಜಾಗವನ್ನು ತಪ್ಪಿಸಿದರೆ ತೊಳೆಯುವ ಕೆಲಸ ಅರ್ಧ ಮುಗಿದಂತೆ. ಪ್ಯಾನೆಲ್‌ಗಿಂತ ಮೇಲೆ ಹಾದುಹೋಗುವ ಬೇಡದ ಕೇಬಲ್, ಡಿಶ್ ಆಂಟೆನಾ ಇದ್ದರೆ ಬೇರೆಡೆಗೆ ಸರಿಸಿ. ಪ್ಯಾನೆಲ್‌ಗಳ ಮೇಲಂಚಿಗೆ ನಾಲ್ಕು ಬೆರಳು ಎತ್ತರದಲ್ಲಿ ತೆಳ್ಳನೆಯ ನೈಲಾನ್ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಹಕ್ಕಿಗೆ ಕಾಲೂರಲು ಆಗುವುದಿಲ್ಲ, ದಾರದ ನೆರಳೂ ಲೆಕ್ಕಕ್ಕೆ ಬರುವಷ್ಟಿಲ್ಲ. ತಾರಸಿಗೆ ಅಂಟಿಕೊಂಡಂತೆ ತಗ್ಗಾಗಿ ಕೂರಿಸಿದ ಪ್ಯಾನೆಲ್‌ಗಳ ಕೆಳಗೆ ಗೂಡು ಕಟ್ಟುವುದು ಸಾಮಾನ್ಯ. ಅಲ್ಲಿ ಸುತ್ತಲೂ ತಂತಿಯ ಜಾಲರಿ ಹಾಕಿಸಬೇಕು. ಚೌಕಟ್ಟಿಗೆ ತೂತು ಕೊರೆಸಿದರೆ ವಾರಂಟಿ ಹೋಗಬಹುದು, ಕ್ಲಿಪ್ ಹಾಕಿ ನಿಲ್ಲಿಸುವಂತೆ ಹೇಳಿ. ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಇದ್ದರೆ ಅವು ಹಾರಿಹೋಗುವವರೆಗೆ ಕೆಲವು ವಾರ ಕಾದು, ಆಮೇಲೆ ಜಾಲರಿ ಹಾಕಿಸಿ. ತಾರಸಿಯಲ್ಲಿ ಹಕ್ಕಿಗಳಿಗೆ ಕಾಳು ಹಾಕುವ ಅಭ್ಯಾಸವಿದ್ದರೆ ಆ ತಟ್ಟೆಯನ್ನು ಪ್ಯಾನೆಲ್‌ಗಳಿಂದ ದೂರ, ಮನೆಯ ಮುಂದಿನ ಅಂಗಳಕ್ಕೆ ಇಳಿಸಿ.